ಹೊಗಳಿಕೆಗೆ ಎಷ್ಟು ಅಂಕ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಿಂದ ಬಂದಿರುವ ಕನ್ನಡ ಶಿಕ್ಷಕ ಬಂಧುಗಳೆ,

ದತ್ತಿ ಉಪನ್ಯಾಸವೆಂದರೆ ಕವಿಯ ಬಗ್ಗೆ ಮಾತನಾಡುವುದು ರೂಢಿ. ನಾನು ಇಂದು ಉತ್ತರ ಪತ್ರಿಕೆಯ ಬಗ್ಗೆ ಮಾತನಾಡುತ್ತೇನೆ. ಅದರಲ್ಲೂ ನಮ್ಮೆಲ್ಲರ ಕೆಂಪು ಪೆನ್ನು ತಡವರಿಸುವ ಒಂದು ಜಾಗದ ಬಗ್ಗೆ. ಪದ್ಯವನ್ನು ಮೆಚ್ಚಿ ವಿವರಿಸಿ ಎಂದು ಕೇಳಿರುತ್ತೇವೆ. ವಿದ್ಯಾರ್ಥಿ ಅರ್ಧ ಪುಟ ಬರೆದಿರುತ್ತಾನೆ. ಅಕ್ಷರ ದುಂಡಾಗಿದೆ, ಕಾಗುಣಿತದ ತಪ್ಪಿಲ್ಲ, ಕವಿಯ ಮೇಲೆ ಗೌರವವಿದೆ. ಆದರೆ ಪದ್ಯ ಮಾತ್ರ ಆ ಅರ್ಧ ಪುಟದಲ್ಲಿ ಎಲ್ಲೂ ಇಲ್ಲ. ಇಂಥ ಉತ್ತರಕ್ಕೆ ನಾಲ್ಕರಲ್ಲಿ ಎಷ್ಟು ಕೊಡಬೇಕು?

ಈ ಪ್ರಶ್ನೆಯನ್ನು ಈ ನೆಲದಲ್ಲಿ ಎತ್ತಲು ಕಾರಣವಿದೆ. ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ಕಾಗಿಣಾ ದಂಡೆಯ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಶ್ರೀವಿಜಯ ಕವಿರಾಜಮಾರ್ಗವನ್ನು ರಚಿಸಿದ. ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ ಕತೆಯ ಪುಸ್ತಕವಲ್ಲ, ಕಾವ್ಯವನ್ನು ಹೇಗೆ ಅಳೆಯಬೇಕೆಂದು ಹೇಳುವ ಪುಸ್ತಕ. ಅದರ ಮೊದಲ ಪರಿಚ್ಛೇದದಲ್ಲಿ ಕಾವ್ಯದೋಷಗಳ ವಿಚಾರವಿದೆ. ದೋಷ ಇಂಥದು ಎಂದು ಹೇಳಿ ಶ್ರೀವಿಜಯ ಸುಮ್ಮನಾಗುವುದಿಲ್ಲ. ದೋಷವಿರುವ ಪದ್ಯವನ್ನು ಎದುರಿಗಿಡುತ್ತಾನೆ, ತಿದ್ದಿದರೆ ಅದು ಹೇಗಿರುತ್ತದೆಂದೂ ತೋರಿಸುತ್ತಾನೆ. ತೀರ್ಪಿನ ಪಕ್ಕದಲ್ಲೇ ಪದ್ಯವಿರಬೇಕು ಎಂಬ ಆ ಶಿಸ್ತು ನಮ್ಮ ಮಕ್ಕಳ ಉತ್ತರಗಳಲ್ಲಿ ಕಾಣುವುದಿಲ್ಲ. ಅದಕ್ಕೆ ಮಕ್ಕಳಿಗಿಂತ ನಾವು ಅಂಕ ಕೊಡುವ ರೀತಿಯೇ ಹೆಚ್ಚು ಕಾರಣ ಎಂಬುದು ನನ್ನ ವಾದ.

ಪಠ್ಯದ ಪದ್ಯವನ್ನು ಉದಾಹರಣೆಗೆ ತೆಗೆದುಕೊಂಡರೆ ಗೈಡಿನ ಉತ್ತರ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಅದಕ್ಕಾಗಿ ಈ ಉಪನ್ಯಾಸಕ್ಕೆಂದೇ ನಾಲ್ಕು ಸಾಲು ಕಟ್ಟಿದ್ದೇನೆ. ಶಹಾಬಾದಿನ ಫರ್ಸಿ ಕಲ್ಲು ನಿಮಗೆಲ್ಲ ಗೊತ್ತು. ಪದರು ಪದರಾಗಿ ಸೀಳಿ ಬರುವ ಸುಣ್ಣಕಲ್ಲು ಅದು. ಬೇಸಿಗೆಯಲ್ಲೂ ತಂಪು ಎಂದು ಜನ ಮನೆಗೆ ಹಾಸುತ್ತಾರೆ.

ಅಪ್ಪ ಸೀಳಿದ ಕಲ್ಲು ಊರೂರಿಗೆ ಹೋಯಿತು,
ಯಾರದೋ ಪಡಸಾಲೆಯಲಿ ತಣ್ಣಗೆ ಮಲಗಿತು;
ನಮ್ಮ ಮನೆಯ ನೆಲವ ಅವ್ವ ಸೆಗಣಿಯಲಿ ಸಾರಿಸುವಳು,
ಬರಿಗಾಲಲಿ ಅಪ್ಪ ಬಂದು ಹೊಸ್ತಿಲಲಿ ನಿಲ್ಲುವನು.

ಪ್ರಶ್ನೆ: ಈ ಪದ್ಯವನ್ನು ಮೆಚ್ಚಿ ವಿವರಿಸಿ. 4 ಅಂಕ. ಉತ್ತರಗಳನ್ನೂ ನಾನೇ ಬರೆದಿದ್ದೇನೆ. ಆದರೆ ಇವುಗಳ ಅಣ್ಣತಮ್ಮಂದಿರನ್ನು ನೀವು ಪ್ರತಿ ವರ್ಷ ತಿದ್ದುತ್ತೀರಿ.

ಮೊದಲನೆಯದು: "ಈ ಪದ್ಯವು ಬಹಳ ಸುಂದರವಾಗಿದೆ. ಕವಿಯು ಸರಳವಾದ ಭಾಷೆಯಲ್ಲಿ ಕಾರ್ಮಿಕರ ಕಷ್ಟವನ್ನು ಮನಮುಟ್ಟುವಂತೆ ವರ್ಣಿಸಿದ್ದಾರೆ. ಉಪಮೆ, ರೂಪಕಗಳು ಅರ್ಥಪೂರ್ಣವಾಗಿ ಮೂಡಿಬಂದಿವೆ. ಶ್ರಮದ ಮಹತ್ವವು ಇಲ್ಲಿ ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ. ಇದು ಎಲ್ಲರೂ ಓದಲೇಬೇಕಾದ ಪದ್ಯ."

ಇದಕ್ಕೆ ಎರಡೂವರೆ, ಮೂರು ಅಂಕ ಬೀಳುವುದನ್ನು ನಾನು ಬಲ್ಲೆ. ನಿಧಾನವಾಗಿ ಓದಿ ನೋಡೋಣ. ಐದು ವಾಕ್ಯಗಳಲ್ಲಿ ಪದ್ಯದಿಂದ ಬಂದಿರುವುದು "ಕಾರ್ಮಿಕರ ಕಷ್ಟ" ಒಂದೇ. ಉಳಿದ ವಾಕ್ಯಗಳನ್ನು ಹಾಗೇ ಎತ್ತಿ ರೈತನ ಪದ್ಯದ ಕೆಳಗೆ ಇಡಬಹುದು, ತಾಯಿಯ ಪದ್ಯದ ಕೆಳಗೂ ಇಡಬಹುದು. ಎಲ್ಲಿಟ್ಟರೂ ಹೊಂದುತ್ತವೆ. ಸಾಮಾನ್ಯ ಹೊಗಳಿಕೆಯನ್ನು ಗುರುತಿಸಲು ನನಗೆ ಗೊತ್ತಿರುವ ಸುಲಭವಾದ ಪರೀಕ್ಷೆ ಇದೇ: ಪದ್ಯ ಬದಲಾದರೂ ಈ ವಾಕ್ಯ ನಿಲ್ಲುತ್ತದೆಯೇ? ನಿಲ್ಲುವುದಾದರೆ ಅದು ಈ ಪದ್ಯದ ಮೆಚ್ಚುಗೆಯಲ್ಲ.

ಮೂರನೆಯ ವಾಕ್ಯದಲ್ಲಿ ಇನ್ನೂ ದೊಡ್ಡ ತೊಂದರೆಯಿದೆ. ಆ ನಾಲ್ಕು ಸಾಲಿನಲ್ಲಿ ಉಪಮೆಯೇ ಇಲ್ಲ. ಅಂತೆ, ಹಾಗೆ, ಹೋಲುವ ಎಂಬಂಥ ಒಂದು ಮಾತೂ ಇಲ್ಲ. ಸಾಮಾನ್ಯ ಹೊಗಳಿಕೆ ಪೊಳ್ಳಾಗಿರುತ್ತದೆ ಎಂದಷ್ಟೇ ನಾವು ತಿಳಿದಿರುತ್ತೇವೆ, ಅದು ಸುಳ್ಳನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಸಾಲನ್ನು ತೋರಿಸಬೇಕಾಗಿ ಬಂದಿದ್ದರೆ ಆ ಹುಡುಗ ಉಪಮೆಯನ್ನು ಹುಡುಕುತ್ತಿದ್ದ, ಸಿಗದಿದ್ದಾಗ ಆ ವಾಕ್ಯವನ್ನು ಕೈಬಿಡುತ್ತಿದ್ದ.

ಎರಡನೆಯದು: "'ಯಾರದೋ ಪಡಸಾಲೆಯಲಿ ತಣ್ಣಗೆ ಮಲಗಿತು' ಎಂಬ ಸಾಲು ತುಂಬ ಚೆನ್ನಾಗಿದೆ. 'ಬರಿಗಾಲಲಿ ಅಪ್ಪ ಬಂದು' ಎಂಬ ಸಾಲು ಮನಸ್ಸಿಗೆ ತಟ್ಟುತ್ತದೆ. ಹೀಗೆ ಕವಿಯು ಬಡವರ ನೋವನ್ನು ಹೇಳಿದ್ದಾರೆ." ಸಾಲನ್ನು ಎತ್ತಿ ಬರೆದ ಮಾತ್ರಕ್ಕೆ ಅದು ಆಧಾರವಾಗುವುದಿಲ್ಲ. ಆ ಸಾಲಿನ ಯಾವ ಮಾತು ಏನು ಮಾಡುತ್ತಿದೆ ಎಂದು ಹೇಳಿದಾಗ ಆಗುತ್ತದೆ. ಆದರೂ ಈ ಹುಡುಗಿ ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದಾಳೆ. ಅವಳು ಮೊದಲಿನವನಿಗಿಂತ ಪದ್ಯದ ಹತ್ತಿರವಿದ್ದಾಳೆ, ಅಂಕದಲ್ಲಿ ಆ ವ್ಯತ್ಯಾಸ ಕಾಣಬೇಕು.

ಮೂರನೆಯದು ನಮ್ಮ ಭಾಗಕ್ಕೆ ವಿಶೇಷವಾದದ್ದು. ಶಹಾಬಾದಿನ ಅಥವಾ ವಾಡಿಯ ಹುಡುಗ ಕಲ್ಲಿನ ಗಣಿಯ ಬಗ್ಗೆ ತನಗೆ ಗೊತ್ತಿರುವುದನ್ನೆಲ್ಲ ಬರೆಯುತ್ತಾನೆ: ಬಿಸಿಲು, ಧೂಳು, ಕೂಲಿ, ಕೆಮ್ಮು. ಎಲ್ಲವೂ ನಿಜ. ಆದರೆ ಪದ್ಯದಲ್ಲಿ ಬಿಸಿಲಿಲ್ಲ, ಧೂಳಿಲ್ಲ, ಕೂಲಿಯ ಮಾತೂ ಇಲ್ಲ. ಇದು ಹೊಗಳಿಕೆಯಲ್ಲ, ಬಾಯಿಪಾಠವೂ ಅಲ್ಲ. ಅನುಭವದ ಮಾತು ಎಂಬ ಗೌರವಕ್ಕೆ ನಾವು ಪೂರ್ತಿ ಅಂಕ ಕೊಟ್ಟುಬಿಡುತ್ತೇವೆ. ಅಲ್ಲಿ ಒಂದು ಗೆರೆ ಎಳೆಯಬೇಕು. ಅನುಭವ ಪದ್ಯದ ಒಂದು ಮಾತಿಗೆ ಹಿಂತಿರುಗಿದರೆ ಅದಕ್ಕೆ ಅಂಕ. ಒಬ್ಬ ಹುಡುಗಿ ಹೀಗೆ ಬರೆದಳೆನ್ನಿ: "ಸೆಗಣಿಯಿಂದ ಸಾರಿಸಿದ ನೆಲ ಆರುವ ತನಕ ಯಾರೂ ಒಳಗೆ ಕಾಲಿಡುವುದಿಲ್ಲ. ಅಪ್ಪ ಅದಕ್ಕೇ ಹೊಸ್ತಿಲಲ್ಲಿ ನಿಂತಿದ್ದಾನೆ." ಇದು ಅವಳು ಮನೆಯಲ್ಲಿ ಕಂಡದ್ದು. ಆದರೆ "ಸಾರಿಸುವಳು" ಮತ್ತು "ನಿಲ್ಲುವನು" ಎಂಬ ಎರಡು ಮಾತುಗಳ ನಡುವಿನ ಕೊಂಡಿಯನ್ನು ಅವಳು ಕಂಡಿದ್ದಾಳೆ. ಮಾದರಿ ಉತ್ತರದಲ್ಲಿ ಈ ಅಂಶ ಇಲ್ಲದಿದ್ದರೂ ಅಂಕ ಕೊಡಲೇಬೇಕು.

ನಾಲ್ಕನೆಯದು ಒಂದೇ ವಾಕ್ಯ: "ಕಲ್ಲು ಮಂದಿ ಮನ್ಯಾಗ ಮಲ್ಕೊಂಡದ, ಅಪ್ಪ ತನ್ನ ಮನ್ಯಾಗ ನಿಂತಾನ." ಗ್ರಾಂಥಿಕ ಕನ್ನಡವಲ್ಲ, ವಿವರಣೆ ಇಲ್ಲ, ಕವಿಗೆ ಬಹುವಚನವೂ ಇಲ್ಲ. ಇಂಥದಕ್ಕೆ ಒಂದು ಅಂಕ ಹಾಕಿ ಪುಟ ತಿರುವುವುದು ನಮ್ಮ ಅಭ್ಯಾಸ. ಆದರೆ ಈ ಮಗು ಮಾಡಿರುವ ಕೆಲಸ ನೋಡಿ. ಎರಡನೆಯ ಸಾಲಿನ ಕ್ರಿಯಾಪದವನ್ನೂ ಕೊನೆಯ ಸಾಲಿನ ಕ್ರಿಯಾಪದವನ್ನೂ ಎದುರುಬದುರು ಇಟ್ಟಿದೆ. ಪದ್ಯ ನಿಂತಿರುವುದೇ ಆ ಎರಡು ಮಾತುಗಳ ಮೇಲೆ. ಕಲ್ಲಿಗೆ ವಿಶ್ರಾಂತಿ ಸಿಕ್ಕಿದೆ, ಸೀಳಿದವನಿಗೆ ಇಲ್ಲ. ಇನ್ನೂ ಮುಂದೆ ಹೋದರೆ, ಕಲ್ಲಿನ ಕೆಲಸ "ಹೋಯಿತು", "ಮಲಗಿತು" ಎಂದು ಮುಗಿದುಹೋಗಿದೆ. ಮನೆಯ ಕೆಲಸ "ಸಾರಿಸುವಳು", "ನಿಲ್ಲುವನು" ಎಂದು ಮುಗಿಯದೆ ನಡೆದೇ ಇದೆ. ಬಡತನ, ನೋವು ಎಂಬ ಮಾತುಗಳು ಪದ್ಯದಲ್ಲಿ ಒಮ್ಮೆಯೂ ಬಂದಿಲ್ಲ. ಅವುಗಳ ಕೆಲಸವನ್ನು ಕ್ರಿಯಾಪದಗಳೇ ಮಾಡಿವೆ.

ಈಗ ಅಂಕದ ಮಾತು. ನಾಲ್ಕನ್ನು ನಾನು ಹೀಗೆ ಹಂಚುತ್ತೇನೆ: ಪದ್ಯದ ಭಾವವನ್ನು ಸರಿಯಾಗಿ ಹಿಡಿದದ್ದಕ್ಕೆ 1, ಪದ್ಯದ ನಿರ್ದಿಷ್ಟ ಮಾತನ್ನೋ ಸಾಲನ್ನೋ ತೋರಿಸಿದ್ದಕ್ಕೆ 1, ಆ ಮಾತಿನಿಂದ ಆ ಭಾವ ಹೇಗೆ ಹುಟ್ಟಿತೆಂದು ಬಿಡಿಸಿದ್ದಕ್ಕೆ 2. ಹೊಗಳಿಕೆಗೆ ಬೇರೆ ಅಂಕವಿಲ್ಲ, ಉದ್ದಕ್ಕೂ ಇಲ್ಲ. ಮೊದಲ ಉತ್ತರಕ್ಕೆ 1: "ಕಾರ್ಮಿಕರ ಕಷ್ಟ" ಸರಿಯಾದ ಭಾವ, ಹಾಗಾಗಿ ಸೊನ್ನೆ ಹಾಕುವುದು ಅನ್ಯಾಯ. ಎರಡನೆಯದಕ್ಕೆ 2. ಗಣಿಯ ವಿವರವಷ್ಟೇ ಇದ್ದರೆ 1, ನೆಲ ಆರುವ ಮಾತು ಹೇಳಿದವಳಿಗೆ 3. ಒಂದು ವಾಕ್ಯದ ಉತ್ತರಕ್ಕೂ 3: ಎದುರುಬದುರು ಇಟ್ಟದ್ದರಿಂದ ಏನಾಯಿತೆಂದು ಇನ್ನೊಂದು ವಾಕ್ಯ ಬರೆದಿದ್ದರೆ 4.

ಬೋರ್ಡ್ ಪರೀಕ್ಷೆಯ ಮೌಲ್ಯಮಾಪನ ಕೇಂದ್ರದಲ್ಲಿ ಈ ಹಂಚಿಕೆ ನಡೆಯದು. ಅಲ್ಲಿ ಮಂಡಳಿಯ ಮಾದರಿ ಉತ್ತರವೇ ಅಧಿಕೃತ, ಅದನ್ನು ಮೀರಬಾರದು. ನಾನು ಹೇಳುತ್ತಿರುವುದು ಶಾಲೆಯ ಕಿರುಪರೀಕ್ಷೆಗೆ. ರೂಢಿ ಬೀಳುವುದು ಅಲ್ಲೇ.

ನಮ್ಮ ತಾಲ್ಲೂಕುಗಳಲ್ಲಿ ಇನ್ನೊಂದು ಕಷ್ಟವಿದೆ. ಚಿಂಚೋಳಿಯ ತಾಂಡಾದ ಮಗುವಿಗೆ ಮನೆಯ ಮಾತು ಲಂಬಾಣಿ. ಸೇಡಂ ಗಡಿಯಲ್ಲಿ ತೆಲುಗು, ಶಹಾಬಾದ ಮತ್ತು ವಾಡಿಯ ಎಷ್ಟೋ ಮನೆಗಳಲ್ಲಿ ಉರ್ದು. ಈ ಮಕ್ಕಳಿಗೆ ಗ್ರಾಂಥಿಕ ಕನ್ನಡದ ಸಿದ್ಧ ವಾಕ್ಯಗಳು ಊರುಗೋಲು. "ಮನಮುಟ್ಟುವಂತೆ ಮೂಡಿಬಂದಿದೆ" ಎಂದು ಬರೆದರೆ ತಪ್ಪಾಗದು ಎಂಬ ಧೈರ್ಯ. ನಾವು ಭಾಷೆಯ ಶುದ್ಧಿಗೇ ಅಂಕ ಕೊಡುತ್ತ ಹೋದರೆ ಅವರು ತಪ್ಪಿಲ್ಲದ ಖಾಲಿ ವಾಕ್ಯವನ್ನೇ ಆರಿಸಿಕೊಳ್ಳುತ್ತಾರೆ. ಬರೆದದ್ದರಲ್ಲಿ ಪದ್ಯದ ಒಂದು ಮಾತು ಕಂಡಿದ್ದರೆ, ಆಡುಮಾತಿನಲ್ಲಿದ್ದರೂ, ಕಾಗುಣಿತ ತಪ್ಪಿದ್ದರೂ, ಮೆಚ್ಚುಗೆಯ ಪ್ರಶ್ನೆಯಲ್ಲಿ ಅಂಕ ಕಳೆಯಬೇಡಿ. ಕಾಗುಣಿತಕ್ಕೆ ಬೇರೆ ಪ್ರಶ್ನೆಗಳಿವೆ.

ಪ್ರಶ್ನೆಯನ್ನೂ ತಿದ್ದಬೇಕು. "ಪದ್ಯದ ಸೌಂದರ್ಯವನ್ನು ವಿವರಿಸಿ" ಎಂದು ಕೇಳಿದರೆ ಸುಂದರವಾಗಿದೆ ಎಂದು ನಾವೇ ಹೇಳಿಕೊಟ್ಟ ಹಾಗಾಯಿತು. "ಈ ಪದ್ಯದಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದು ಮಾತು ಯಾವುದು? ಅದರ ಬದಲು ಬೇರೆ ಮಾತಿದ್ದರೆ ಏನು ಕಳೆಯುತ್ತಿತ್ತು?" ಎಂದು ಕೇಳಿ. "ಮಲಗಿತು" ತೆಗೆದು "ಸೇರಿತು" ಎಂದು ಹಾಕಿದರೆ ಕಲ್ಲಿನ ವಿಶ್ರಾಂತಿ ಹೋಗುತ್ತದೆ, ಅಪ್ಪನ ನಿಲ್ಲುವಿಕೆಗೆ ಎದುರು ಏನೂ ಉಳಿಯುವುದಿಲ್ಲ. ಈ ಪ್ರಶ್ನೆಗೆ ಗೈಡಿನಲ್ಲಿ ಉತ್ತರ ಸಿಗದು.

ಅಂಚಿನಲ್ಲಿ ಬರೆಯುವ ಮಾತೂ ಹೊಗಳಿಕೆಯಷ್ಟೇ ಸಾಮಾನ್ಯವಾಗಿರಬಾರದು. "ಇನ್ನೂ ಚೆನ್ನಾಗಿ ಬರೆ" ಎಂದರೆ ಮಗುವಿಗೆ ಏನೂ ತಿಳಿಯದು. "ಉಪಮೆ ಯಾವ ಸಾಲಿನಲ್ಲಿದೆ?", "ಮನಮುಟ್ಟಿದ ಮಾತು ಯಾವುದು?" ಎಂದು ಕೇಳಿ, ಪತ್ರಿಕೆಯನ್ನು ಹಿಂದಕ್ಕೆ ಕೊಟ್ಟು, ಕೆಳಗೆ ಎರಡೇ ವಾಕ್ಯ ಸೇರಿಸಲು ಹೇಳಿ. ಸೇರಿಸಿದ ವಾಕ್ಯಕ್ಕೆ ಅಂಕ ಏರಿಸಿ.

ಮುಂದಿನ ಕಿರುಪರೀಕ್ಷೆಗೆ ಮೊದಲು ನಿಮ್ಮ ಶಾಲೆಯ ಕನ್ನಡ ಶಿಕ್ಷಕರು ಈ ನಾಲ್ಕು ಉತ್ತರಗಳಿಗೆ ಒಬ್ಬರಿಗೊಬ್ಬರು ತೋರಿಸದೆ ಅಂಕ ಹಾಕಿ, ಆಮೇಲೆ ಹೋಲಿಸಿ ನೋಡಿ. ಒಂದಂಕಕ್ಕಿಂತ ಹೆಚ್ಚು ಅಂತರ ಬಂದ ಉತ್ತರದ ಬಗ್ಗೆ ಕೂತು ಮಾತಾಡಿ. ನನ್ನ ಹಂಚಿಕೆಯನ್ನೇ ಒಪ್ಪಬೇಕೆಂದಿಲ್ಲ. ಒಪ್ಪದಿದ್ದರೆ ಪದ್ಯದ ಯಾವ ಮಾತಿನ ಆಧಾರದ ಮೇಲೆ ಒಪ್ಪುವುದಿಲ್ಲ ಎಂದು ನನಗೆ ಬರೆದು ತಿಳಿಸಿ.