ಹತ್ತಕ್ಕೆ ಒಂಬತ್ತು ಬಂದರೆ ಸಾಕೇ?
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಕಳೆದ ಬೇಸಿಗೆಯಲ್ಲಿ ಹನೂರಿಗೆ ಬಂದಿದ್ದಾಗ ಅಕ್ಕನ ಮಗಳಿಗೆಂದು ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಪಾಠದ ಮೇಲೆ 10 ಪ್ರಶ್ನೆಗಳ ಕ್ವಿಜ್ ಮಾಡಿದೆ. ಅವಳ ನೋಟ್ಸ್ ಪಕ್ಕದಲ್ಲಿಟ್ಟುಕೊಂಡು ಪುಟ ತಿರುವುತ್ತಾ ಬರೆದ ಪ್ರಶ್ನೆಗಳವು. ಅವಳಿಗೆ 9 ಬಂತು. ಖುಷಿಯಿಂದ ಮನೆಯ ಕರೆಂಟ್ ಬಿಲ್ ಕೈಗೆ ಕೊಟ್ಟು, "ಯೂನಿಟ್ ಹೇಗೆ ಬಂತು ಹೇಳು" ಅಂದೆ. ಹುಡುಗಿ ಸುಮ್ಮನೆ ನಿಂತಳು. ತಪ್ಪು ಅವಳದಲ್ಲ, ನನ್ನ ಕ್ವಿಜ್‌ನದು.

ಆಮೇಲೆ ಆ ಪಾಠದಿಂದ ಮಗು ಏನು ಮಾಡಲು ಕಲಿಯಬೇಕೆಂಬ ಕಲಿಕಾ ಫಲಗಳನ್ನು ಸಾಲಾಗಿ ಬರೆದೆ. ಓಮ್‌ನ ನಿಯಮ ಬಳಸಿ ಲೆಕ್ಕ ಮಾಡುವುದು. ಮಂಡಲದ ಚಿತ್ರ ಬರೆಯುವುದು. ಸರಣಿ ಮತ್ತು ಸಮಾಂತರ ಜೋಡಣೆಯ ರೋಧ ಹೋಲಿಸುವುದು. ಮನೆಯ ವಿದ್ಯುತ್ ಬಳಕೆ ಲೆಕ್ಕ ಹಾಕುವುದು. ಪ್ರತಿ ಪ್ರಶ್ನೆ ಯಾವ ಸಾಲಿಗೆ ಸೇರುತ್ತದೆಂದು ಗುರುತು ಹಾಕಿದೆ: 5, 1, 2, 2. ಯಾವ ಸಾಲೂ ಖಾಲಿ ಇರಲಿಲ್ಲ!

ಮೋಸ ಇರುವುದು ಇಲ್ಲೇ. ನಾನು ವಿಷಯ ನೋಡಿದ್ದೆ, ಕ್ರಿಯಾಪದ ನೋಡಿರಲಿಲ್ಲ. ಹಾಗಾಗಿ ಪ್ರತಿ ಪ್ರಶ್ನೆಗೂ ಒಂದು ಮಾತು ಕೇಳಿಕೊಂಡೆ: ಈ ಕೆಲಸ ಬಾರದ ಮಗುವೂ ಇದಕ್ಕೆ ಸರಿಯುತ್ತರ ಕೊಡಬಲ್ಲದೇ? ಮೊದಲ ಸಾಲಿನ ಐದರಲ್ಲಿ ಮೂರು ‘ರೋಧದ ಏಕಮಾನ ಯಾವುದು’ ಎಂಬಂಥವು, ಬರೀ ನೆನಪಿನವು. ಚಿತ್ರದ ಪ್ರಶ್ನೆ ಸಂಕೇತದ ಹೆಸರು ಕೇಳುತ್ತಿತ್ತು, ಬರೆಸುತ್ತಿರಲಿಲ್ಲ. ಕೊನೆಯ ಎರಡೂ ಯೂನಿಟ್‌ನ ವ್ಯಾಖ್ಯೆಯವು. ನಿಜವಾದ ಎಣಿಕೆ 2, 0, 2, 0. ಮೂರನೇ ಸಾಲಿನ ಒಂದು ಲೆಕ್ಕವಂತೂ, 6 ಮತ್ತು 3 ಓಮ್ ಸಮಾಂತರದಲ್ಲಿದ್ದರೆ 2 ಓಮ್ ಎಂಬುದು, ನೋಟ್ಸ್‌ನಲ್ಲೇ ಬಿಡಿಸಿಟ್ಟಿತ್ತು. ಅದನ್ನು 12 ಮತ್ತು 4 ಎಂದು ಬದಲಿಸಿದೆ. ಉತ್ತರ 3 ಓಮ್.

ಬಿಲ್ಲಿನ ಲೆಕ್ಕ ಯಾಕೆ ತಪ್ಪಿಹೋಯಿತು? ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿದ್ದರು, ನೋಟ್ಸ್‌ಗೆ ಇಳಿದದ್ದು ವ್ಯಾಖ್ಯೆ ಮಾತ್ರ. ನೋಟ್ಸ್‌ನಲ್ಲಿ ಇಲ್ಲದ್ದು ನೋಟ್ಸ್‌ನಿಂದ ಮಾಡಿದ ಕ್ವಿಜ್‌ಗೆ ಬರುವುದಿಲ್ಲ. ಆದ್ದರಿಂದ ಹುಡುಕಾಟ ಫಲಗಳ ಪಟ್ಟಿಯಿಂದ ಶುರುವಾಗಬೇಕು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಗ್ರಾಹಕ ಕೇಳಿದ ಪ್ರತಿ ಅಂಶದ ಎದುರು ಅದನ್ನು ಪರೀಕ್ಷಿಸುವ ಟೆಸ್ಟ್ ಬರೆದಿಡುತ್ತೇವೆ. ಎದುರಿಗೇನೂ ಇಲ್ಲದ ಸಾಲು ಕೂಡಲೇ ಕಣ್ಣಿಗೆ ಬೀಳುತ್ತದೆ.

ಹೊಸ ಪ್ರಶ್ನೆ ಹೀಗಾಯಿತು: 1000 ವಾಟ್ ಹೀಟರ್ ದಿನಕ್ಕೆ 2 ಗಂಟೆಯಂತೆ 30 ದಿನ ಉರಿದರೆ ಎಷ್ಟು ಯೂನಿಟ್? ಅರವತ್ತು. ಇಂಥದ್ದೇ ಇನ್ನೊಂದನ್ನೂ ಸೇರಿಸಿದೆ. ನಾಲ್ಕು ಆಯ್ಕೆಯ ಒಂದೇ ಪ್ರಶ್ನೆಯನ್ನು ನಾಲ್ಕರಲ್ಲಿ ಒಂದು ಸಲ ಊಹೆಯಿಂದಲೇ ಗೆಲ್ಲಬಹುದು. ಎರಡನ್ನೂ ಗೆಲ್ಲುವುದು 16ರಲ್ಲಿ ಒಂದು ಸಲ. ಚಿತ್ರ ಬರೆಯುವುದನ್ನು ಮಾತ್ರ ಆಯ್ಕೆ ಪ್ರಶ್ನೆ ಅಳೆಯಲಾರದು. ಆ ಸಾಲಿನ ಮುಂದೆ ‘ಹಾಳೆಯ ಮೇಲೆ ಬರೆಸಿ ನೋಡುವುದು’ ಎಂದು ಬರೆದೆ, ಸುಳ್ಳು ಟಿಕ್ ಹಾಕಲಿಲ್ಲ.

ಗುರುಗಳಲ್ಲಿ ಒಂದು ಕೋರಿಕೆ. ಪ್ರಶ್ನೆಗಳನ್ನಷ್ಟೇ ಸಹೋದ್ಯೋಗಿಗೆ ಕೊಟ್ಟು, ಯಾವುದು ಯಾವ ಫಲಕ್ಕೆಂದು ಅವರಿಂದಲೇ ಬರೆಸಿ. ನಿಮ್ಮ ಗುರುತಿಗೂ ಅವರ ಗುರುತಿಗೂ ತಾಳೆಯಾಗದ ಪ್ರಶ್ನೆಯನ್ನೇ ಮೊದಲು ತಿದ್ದಿ.

ಎರಡನೇ ಕ್ವಿಜ್‌ನಲ್ಲಿ ಹುಡುಗಿಗೆ ಬಂದದ್ದು 6. ಎಲ್ಲಿ ಹೇಳಿಕೊಡಬೇಕೆಂದು ನನಗೆ ಗೊತ್ತಾದದ್ದು ಆ ಆರರಿಂದ.