ಯಾವೂರು, ಯಾರ ಮಗ?
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಭದ್ರತೆಯ ಕೆಲಸ ಮಾಡುತ್ತೇನೆ. ಮಕ್ಕಳು ಮೊಬೈಲಿನಲ್ಲಿ ಆಡುವ ಆನ್‌ಲೈನ್ ಆಟಗಳ ಬಗ್ಗೆ ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಆಟ ಆಡಬೇಡಿ ಎಂದು ಹೇಳಲು ನಾನು ಬಂದಿಲ್ಲ. ಆಡುವಾಗ ನಮ್ಮ ಮನೆಯ ವಿಷಯ ಹೇಗೆ ಹೊರಗೆ ಹೋಗುತ್ತದೆ ಎಂಬುದೊಂದನ್ನೇ ಹೇಳುತ್ತೇನೆ.

ನಮ್ಮ ಕಡೆ ಯಾರಾದರೂ ಎದುರಾದರೆ ಮೊದಲು ಕೇಳುವುದು ‘ಯಾವೂರು, ಯಾರ ಮಗ?’ ಎಂದು. ಬಸ್‌ಸ್ಟ್ಯಾಂಡಿನಲ್ಲಿ ಅದು ಮರ್ಯಾದೆಯ ಮಾತು. ಆಟದಲ್ಲಿ ಮುಖ ಕಾಣದ ಒಬ್ಬ ಅದನ್ನೇ ಕೇಳಿದಾಗ ನಮ್ಮ ಮಕ್ಕಳು ಅಭ್ಯಾಸದಂತೆ ಉತ್ತರ ಕೊಟ್ಟುಬಿಡುತ್ತಾರೆ. ಬೆಂಗಳೂರಿನ ಹುಡುಗ ‘ನಾನು ಮಂಜು, ವಿಜಯನಗರ’ ಎಂದರೆ ಅಲ್ಲಿ ಅಂಥ ಮಂಜುಗಳು ಎಷ್ಟೋ ಇದ್ದಾರೆ. ಮುನ್ನೂರು ಮನೆಯ ಊರಿನ ಹುಡುಗ ಹೆಸರು, ಊರು ಎರಡೂ ಹೇಳಿದರೆ ಡೋರ್ ನಂಬರ್ ಬೇಕಿಲ್ಲ. ಊರ ಬಾಗಿಲಲ್ಲಿ ಕೇಳಿದರೆ ಯಾರಾದರೂ ಮನೆ ತೋರಿಸುತ್ತಾರೆ. ಹಳ್ಳಿಯಲ್ಲಿ ಹೆಸರು ಮತ್ತು ಊರು ಸೇರಿದರೆ ಅದೇ ಪೂರ್ತಿ ವಿಳಾಸ.

ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಹುಡುಗನೂ ಊರೂ ನನ್ನ ಕಲ್ಪನೆ. ನಡೆಯುವ ರೀತಿ ಮಾತ್ರ ನಿಜ. ಒಂಬತ್ತನೇ ತರಗತಿಯ ಮಂಜು ಆಟದಲ್ಲಿ ಇಟ್ಟುಕೊಂಡ ಹೆಸರು Manju_Doddakere_2011. ಅಷ್ಟರಲ್ಲೇ ಹೆಸರು, ಊರು, ಹುಟ್ಟಿದ ವರ್ಷ ಮೂರೂ ಸಿಕ್ಕಿತು. ಇನ್‌ಸ್ಟಾಗ್ರಾಮಿನಲ್ಲೂ ಅವನಿಗೆ ಅದೇ ಹೆಸರು. ಹುಡುಕಿದವನಿಗೆ ಅಲ್ಲಿ ಅವನ ಮುಖ, ಅಕ್ಕನ ಮದುವೆಯ ಫೋಟೋ ಕಾಣುತ್ತವೆ.

ಆಡುವಾಗ ಮೈಕ್ ಆನ್ ಇದೆ. ಒಳಗಿನಿಂದ ಅಮ್ಮ ‘ಮಂಜು, ಅಪ್ಪ ಬರೋದು ರಾತ್ರಿ ಹತ್ತಾಗುತ್ತೆ, ಊಟ ಮಾಡು ಬಾರೋ’ ಎನ್ನುತ್ತಾರೆ. ಮನೆಯಲ್ಲಿ ಗಂಡಸರು ಯಾವಾಗ ಇರುವುದಿಲ್ಲ ಎಂಬುದು ಕೇಳುವವನಿಗೆ ಗೊತ್ತಾಯಿತು. ಇನ್ನೊಂದು ದಿನ ಮಂಜು ಕ್ಯಾಮೆರಾ ಹಾಕಿ ತನ್ನ ಆಟವನ್ನು ಗೆಳೆಯರಿಗೆ ಲೈವ್ ತೋರಿಸುತ್ತಾನೆ. ಹಿಂದಿನ ಗೋಡೆಯ ಮೊಳೆಗೆ ಬ್ಯಾಡ್ಜ್ ಇರುವ ಯೂನಿಫಾರ್ಮ್ ನೇತಾಡುತ್ತಿದೆ. ಶಾಲೆಯೂ ತಿಳಿಯಿತು. ಆಟದಲ್ಲಿ ಗೆಳೆಯನಾದವನು ‘ಉಚಿತ ಡೈಮಂಡ್ ಕಳಿಸುತ್ತೇನೆ, ಅಮ್ಮನ ನಂಬರ್ ಕೊಡು’ ಎನ್ನುತ್ತಾನೆ. ಮಂಜು ಕೊಡುತ್ತಾನೆ.

ಮರುದಿನ ಅಮ್ಮನಿಗೆ ಫೋನ್ ಬರುತ್ತದೆ. ‘ಅಮ್ಮಾ, ಮಂಜುನ ಶಾಲೆಯಿಂದ ಮಾತಾಡ್ತಿದ್ದೀವಿ. ಒಂಬತ್ತನೇ ತರಗತಿಯವರಿಗೆ ಸ್ಕಾಲರ್‌ಶಿಪ್ ಬಂದಿದೆ. ಮೊಬೈಲಿಗೆ ಬಂದ ನಂಬರ್ ಸ್ವಲ್ಪ ಹೇಳಿ.’ ಮಗನ ಹೆಸರು, ತರಗತಿ, ಶಾಲೆ ಎಲ್ಲ ಸರಿಯಾಗಿ ಹೇಳಿದವನನ್ನು ಆ ತಾಯಿ ಏಕೆ ಅನುಮಾನಿಸಬೇಕು? ಒಟಿಪಿ ಹೇಳುತ್ತಾರೆ, ಖಾತೆಯ ಹಣ ಹೋಗುತ್ತದೆ. ಮಂಜು ಯಾರಿಗೂ ಪಾಸ್‌ವರ್ಡ್ ಕೊಟ್ಟಿರಲಿಲ್ಲ. ಅವನಿಂದ ಹೋದದ್ದೆಲ್ಲ ಚೂರು ಚೂರು. ಅವನ್ನು ಜೋಡಿಸಿದವನು ಬೇರೆ.

ಈಗ ಆ ಚೂರುಗಳನ್ನು ತಡೆಯುವುದು ಹೇಗೆ ನೋಡೋಣ. ಮೊದಲು ಹೆಸರು. ಆಟದ ಹೆಸರಿನಲ್ಲಿ ನಿಮ್ಮ ಹೆಸರು, ಊರು, ಶಾಲೆ, ಜಾತಿ, ಹುಟ್ಟಿದ ವರ್ಷ ಯಾವುದೂ ಇರಬಾರದು. KaduKoli77 ಎಂದಿಟ್ಟುಕೊಂಡರೆ ಆಟಕ್ಕೇನೂ ತೊಂದರೆಯಿಲ್ಲ. ಅದೇ ಹೆಸರನ್ನು ಬೇರೆ ಕಡೆ ಬಳಸಬೇಡಿ. ಬಳಸಿದರೆ ಒಂದು ಹೆಸರು ಹಿಡಿದು ಎಲ್ಲ ಕಡೆಗೂ ಹೋಗಬಹುದು. ನಿಮ್ಮ ಈಗಿನ ಹೆಸರನ್ನು ಗೂಗಲ್‌ನಲ್ಲಿ ಹಾಕಿ ನೋಡಿ, ಎಲ್ಲೆಲ್ಲಿ ಸಿಗುತ್ತೀರಿ ಎಂದು ಸ್ವಲ್ಪ ತಿಳಿಯುತ್ತದೆ. ಹೆಸರು ಬದಲಿಸಲು ಅನೇಕ ಆಟಗಳಲ್ಲಿ ಅವಕಾಶ ಇದೆ, ಕೆಲವದರಲ್ಲಿ ಅದಕ್ಕೊಂದು ಕಾರ್ಡ್ ಬೇಕು. ಆದರೆ ಹೆಸರು ಬದಲಾದರೂ ಖಾತೆಯ ಸಂಖ್ಯೆ ಸಾಮಾನ್ಯವಾಗಿ ಅದೇ ಇರುತ್ತದೆ, ಹಳೆಯ ಗೆಳೆಯರ ಪಟ್ಟಿಯೂ ಉಳಿಯುತ್ತದೆ. ಆದ್ದರಿಂದ ಹೆಸರಿನ ಜೊತೆಗೆ ಗುರುತಿಲ್ಲದವರನ್ನು ಪಟ್ಟಿಯಿಂದ ತೆಗೆಯಿರಿ.

ಎರಡನೆಯದು ಧ್ವನಿ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮಾತು ಎಲ್ಲರಿಗೂ ಕೇಳಬೇಕೋ ತಂಡಕ್ಕೆ ಮಾತ್ರವೋ ಎಂದು ಆರಿಸುವ ಜಾಗ ಹುಡುಕಿ, ತಂಡ ಎಂದಿಡಿ. ತಂಡದಲ್ಲೂ ಅಪರಿಚಿತರಿದ್ದರೆ ಮೈಕ್ ಆಫ್ ಮಾಡಿ. ಆಟದೊಳಗೇ ಸಿದ್ಧ ಸಂದೇಶಗಳಿರುತ್ತವೆ, ಅಷ್ಟು ಸಾಕು. ಇಯರ್‌ಫೋನ್ ಹಾಕಿದರೆ ಮನೆಯ ಮಾತು ಹೊರಗೆ ಹೋಗದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಅದರ ವೈರಿನಲ್ಲಿರುವ ಮೈಕು ಅಮ್ಮನ ಮಾತನ್ನೂ, ಗುಡಿಯ ಮೈಕಿನಲ್ಲಿ ಊರ ಹೆಸರು ಕೂಗುವುದನ್ನೂ ಹಿಡಿಯುತ್ತದೆ. ಇನ್ನು ನಿಮ್ಮ ದನಿಯಿಂದ ವಯಸ್ಸು, ಮಾತಿನ ಧಾಟಿಯಿಂದ ಯಾವ ಸೀಮೆಯವರು ಎಂಬುದು ಗೊತ್ತಾಗುತ್ತದೆ. ಅದನ್ನು ಮರೆಮಾಡಲು ಆಗುವುದಿಲ್ಲ. ಅದಕ್ಕೇ ಉಳಿದದ್ದನ್ನು ಹೇಳಬಾರದು. ‘ಯಾವೂರು ಗುರು?’ ಎಂದರೆ ‘ಕರ್ನಾಟಕ’ ಎಂದು ಹೇಳಿ ಆಟ ಮುಂದುವರಿಸಿ. ಅದು ಒರಟುತನವಲ್ಲ.

ಮೂರನೆಯದು ಲೈವ್. ಯೂಟ್ಯೂಬ್ 2025ರ ಜುಲೈನಿಂದ ಒಬ್ಬರೇ ಲೈವ್ ಮಾಡಲು ಕನಿಷ್ಠ 16 ವರ್ಷ ಆಗಿರಬೇಕೆಂದು ನಿಯಮ ಮಾಡಿದೆ. ಅದಕ್ಕಿಂತ ದೊಡ್ಡವರೂ ಕ್ಯಾಮೆರಾ ಇಲ್ಲದೆ ಆಟವನ್ನಷ್ಟೇ ತೋರಿಸಬಹುದು. ಆದರೆ ಮೊಬೈಲ್ ಪರದೆ ಹಂಚಿದಾಗ ಮೇಲೆ ಇಳಿಯುವ ಮೆಸೇಜೂ ನೋಡುವವರಿಗೆ ಕಾಣಬಹುದು. ಬ್ಯಾಂಕಿನ ಒಟಿಪಿಯೂ ಹಾಗೆಯೇ ಬರುತ್ತದೆ. ಶುರು ಮಾಡುವ ಮೊದಲು ‘ಡು ನಾಟ್ ಡಿಸ್ಟರ್ಬ್’ ಹಾಕಿ. ಕಂಪ್ಯೂಟರಿನಲ್ಲಾದರೆ ಪೂರ್ತಿ ಪರದೆ ಬೇಡ, ಆಟದ ಕಿಟಕಿಯನ್ನು ಮಾತ್ರ ಆರಿಸಿ. ಕ್ಯಾಮೆರಾ ಬೇಕೇ ಬೇಕೆಂದರೆ ಬರಿ ಗೋಡೆಗೆ ಬೆನ್ನು ಹಾಕಿ ಕೂರಿ. ಊರು, ಅಂಗಡಿಯ ಹೆಸರಿರುವ ಕ್ಯಾಲೆಂಡರ್, ಯೂನಿಫಾರ್ಮ್, ಕನ್ನಡಿ, ನೀರಿನ ಟ್ಯಾಂಕ್ ಕಾಣುವ ಕಿಟಕಿ ಯಾವುದೂ ಹಿಂದೆ ಇರಬಾರದು. ಆ್ಯಪ್ ಹಾಕುವ ನಕಲಿ ಹಿನ್ನೆಲೆಯನ್ನು ನಂಬಬೇಡಿ. ನೀವು ಎದ್ದಾಗ, ಕೈ ಎತ್ತಿದಾಗ ಅಂಚಿನಲ್ಲಿ ನಿಜವಾದ ಕೋಣೆ ಇಣುಕುತ್ತದೆ.

ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಐದು ನಿಮಿಷ ಆಡಿ ರೆಕಾರ್ಡ್ ಮಾಡಿ, ಯಾರಿಗೂ ಕಳಿಸಬೇಡಿ. ಒಮ್ಮೆ ಶಬ್ದ ತೆಗೆದು ನೋಡಿ, ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ. ‘ಇವನು ಯಾವೂರು, ಯಾರ ಮಗ?’ ಎಂಬುದಕ್ಕೆ ಉತ್ತರ ಸಿಕ್ಕಿದರೆ ಅದು ಎಲ್ಲಿಂದ ಸಿಕ್ಕಿತೋ ಅದನ್ನು ಸರಿಮಾಡಿ.

ಕೊನೆಯದಾಗಿ ತಂದೆ ತಾಯಂದಿರಿಗೆ. ಫೋನ್ ಮಾಡಿದವರು ಮಗುವಿನ ಹೆಸರು, ತರಗತಿ ಹೇಳಿದರು ಎಂದರೆ ಶಾಲೆಯವರೇ ಎಂದಲ್ಲ. ಫೋನ್ ಇಟ್ಟು, ನಿಮಗೆ ಗೊತ್ತಿರುವ ಮೇಷ್ಟ್ರ ನಂಬರಿಗೆ ನೀವೇ ಮಾಡಿ ಕೇಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ಮಧ್ಯದಲ್ಲೇ ತಡೆಯುವ ಸಾಧ್ಯತೆ ಹೆಚ್ಚು. cybercrime.gov.in ತಾಣದಲ್ಲೂ ದೂರು ಕೊಡಬಹುದು. ಯಾರಾದರೂ ಮಗುವನ್ನು ಬೆದರಿಸುತ್ತಿದ್ದರೆ 1098 ಮಕ್ಕಳ ಸಹಾಯವಾಣಿ. ಅವನನ್ನು ಬ್ಲಾಕ್ ಮಾಡುವ ಮೊದಲು ಅವನ ಹೆಸರು, ಸಂಖ್ಯೆ, ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಅವು ಸಿಗದೇ ಹೋಗಬಹುದು.

ಮಗು ಬಂದು ‘ಅಪ್ಪಾ, ನಂಬರ್ ಕೊಟ್ಟುಬಿಟ್ಟೆ’ ಎಂದ ದಿನ ಹೊಡೆಯಬೇಡಿ, ಮೊಬೈಲ್ ಕಿತ್ತುಕೊಳ್ಳಬೇಡಿ. ಇಂಥವರು ಮಕ್ಕಳಿಗೆ ಮೊದಲು ಹೇಳುವ ಮಾತೇ ‘ಮನೆಯಲ್ಲಿ ಗೊತ್ತಾದರೆ ನಿನಗೆ ಒದೆ ಬೀಳುತ್ತೆ’ ಎಂದು. ಆ ಮಾತನ್ನು ಸುಳ್ಳು ಮಾಡುವುದು ನಿಮ್ಮ ಕೈಯಲ್ಲಿದೆ.