ಸ್ಕೂಲ್ ಫೀ ರಸೀದಿಯಲ್ಲಿ 'ಟ್ಯೂಷನ್' ಎಷ್ಟು? ಟ್ಯಾಕ್ಸ್‌ಗೆ ತೋರಿಸೋ ಮುಂಚೆ ಒಂದ್ಸಲ ಓದ್ಕೊಳ್ರಿ

ಇವತ್ತಿನ ಎಪಿಸೋಡ್‌ನಲ್ಲಿ ಒಂದೇ ಒಂದು ಕಾಗದ ಓದೋಣ, ಮಕ್ಕಳ ಸ್ಕೂಲ್ ಫೀ ರಸೀದಿ.

ಮೊದಲು ಒಂದು ಪದದ ಗೊಂದಲ ಬಗೆಹರಿಸ್ಬೇಕು. ನಮ್ಮ ಹೊಸಪೇಟೆ, ಟಿ.ಬಿ. ಡ್ಯಾಂ ಕಡೆ 'ಟ್ಯೂಷನ್' ಅಂದ್ರೆ ಸಂಜೆ ಆರಕ್ಕೆ ಬ್ಯಾಗ್ ಹಾಕ್ಕೊಂಡು ಮೇಷ್ಟ್ರ ಮನೆಗೆ ಹೋಗೋದು. ಟ್ಯಾಕ್ಸ್ ಕಾನೂನು ಹೇಳೋ ಟ್ಯೂಷನ್ ಫೀ ಅದಲ್ಲ. ಶಾಲೆ ಅಥವಾ ಕಾಲೇಜು ಪಾಠ ಹೇಳೋಕೆ ತಗೊಳ್ಳೋ ಬೋಧನಾ ಶುಲ್ಕ ಅದು. ಮಗು ಅಲ್ಲಿ ಪೂರ್ಣಾವಧಿ ವಿದ್ಯಾರ್ಥಿ ಆಗಿರ್ಬೇಕು, ಸಂಸ್ಥೆ ಭಾರತದಲ್ಲೇ ಇರ್ಬೇಕು. ನರ್ಸರಿ, ಪ್ಲೇ ಸ್ಕೂಲ್ ಕೂಡ ನಡೆಯುತ್ತೆ. ಸಂಜೆ ಟ್ಯೂಷನ್, ಕೋಚಿಂಗ್ ಸೆಂಟರ್ ನಡೆಯಲ್ಲ.

ಯಾರ ಮಕ್ಕಳು? ನಿಮ್ಮವೇ, ಅದೂ ಇಬ್ಬರಿಗೆ ಮಾತ್ರ. ಇದನ್ನ ಒತ್ತಿ ಹೇಳ್ತಿರೋದಕ್ಕೆ ಕಾರಣ ಇದೆ. ನಮ್ಮ ವಯಸ್ಸಿನ ಎಷ್ಟೋ ಜನ ಕೆಲಸ ಸಿಕ್ಕ ಕೂಡ್ಲೆ ತಮ್ಮನ ಪಿಯು ಫೀ, ತಂಗಿಯ ಡಿಗ್ರಿ ಫೀ ಕಟ್ತೀವಿ. ನಮ್ಮ ದುಡ್ಡೇ, ರಸೀದಿಯೂ ನಮ್ಮ ಹತ್ರಾನೇ ಇರುತ್ತೆ. ಆದ್ರೂ 80ಸಿ ಅಡಿ ಅದಕ್ಕೆ ಕಡಿತ ಇಲ್ಲ. ನಾವೇ ಓದೋ ಎಂಬಿಎ ಫೀಗೂ ಇಲ್ಲ, ಹೆಂಡತಿ ಅಥವಾ ಗಂಡನ ಓದಿಗೂ ಇಲ್ಲ. ನನಗಂತೂ ಇದು ಅನ್ಯಾಯ ಅನ್ಸುತ್ತೆ, ಆದ್ರೆ ಕಾನೂನು ಹಾಗೇ ಇದೆ.

ಇನ್ನೊಂದು ಗೇಟ್ ದಾಟ್ಬೇಕು. ಈ ಕಡಿತ ಇರೋದು ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 2025-26ರ ಲೆಕ್ಕಕ್ಕೆ ಸಂಬಳ 12.75 ಲಕ್ಷದವರೆಗೆ ಇದ್ರೆ ಟ್ಯಾಕ್ಸೇ ಬರಲ್ಲ. ಅಂಥವರು ಈ ರಸೀದಿಗೆ ತಲೆ ಕೆಡಿಸ್ಕೊಳ್ಳೋದೇ ಬೇಡ, ಇಲ್ಲಿಗೇ ಪಾಸ್ ಮಾಡಿ ಬೇರೆ ಎಪಿಸೋಡ್ ಕೇಳ್ರಿ.

ಉಳಿದವರಿಗೆ ಒಂದು ಉದಾಹರಣೆ. ತೋರಣಗಲ್ಲಿನ ಫ್ಯಾಕ್ಟರಿಗೆ ಹೋಗಿಬರೋ ಒಬ್ಬರು ಅಂದ್ಕೊಳ್ಳಿ. ವಾಸ ಟಿ.ಬಿ. ಡ್ಯಾಂನಲ್ಲಿ ಬಾಡಿಗೆಗೆ, ಕಂಪ್ಲಿಯಲ್ಲಿ ಕಟ್ಟಿಸಿದ ಮನೆ ಮೇಲೆ ಸಾಲ. ಎಲ್ಲ ಸೇರಿಸಿ ನೋಡಿದ್ರೆ ಅವರಿಗೆ ಹಳೇ ಪದ್ಧತಿಯೇ ಲಾಭ, 20% ಸ್ಲ್ಯಾಬ್. ಇಬ್ಬರು ಮಕ್ಕಳು. ದೊಡ್ಡವಳು ಆರನೇ ಕ್ಲಾಸ್, ಚಿಕ್ಕವನು ಯುಕೆಜಿ.

ದೊಡ್ಡವಳ ರಸೀದಿ ಒಟ್ಟು 68,000 ರೂಪಾಯಿ. ಸಾಮಾನ್ಯವಾಗಿ ಎಲ್ಲರ ಕಣ್ಣು ಹೋಗೋದು ಕೆಳಗಿನ ಆ ದಪ್ಪ ಅಕ್ಷರದ ಟೋಟಲ್ ಮೇಲೆ. ನಾವು ಮೇಲಿಂದ ಒಂದೊಂದೇ ಸಾಲು ಓದೋಣ. ಟ್ಯೂಷನ್ ಫೀ 32,000. ಇದು ಸೀದಾ ಲೆಕ್ಕಕ್ಕೆ ಬರುತ್ತೆ. ಡೆವಲಪ್‌ಮೆಂಟ್ ಫೀ 7,000. ಇದನ್ನ ಕಾನೂನೇ ಹೆಸರು ಹಿಡಿದು ಹೊರಗಿಟ್ಟಿದೆ, ಡೊನೇಷನ್ ಜೊತೆಗೆ. ಶಾಲೆಯವರು ಅದಕ್ಕೆ 'ಬಿಲ್ಡಿಂಗ್ ಫಂಡ್' ಅಂತ ಬೇರೆ ಹೆಸರಿಟ್ರೂ ಅದೇ ಕಥೆ, ಯಾಕಂದ್ರೆ 'ಅದೇ ಸ್ವರೂಪದ ಪಾವತಿ' ಅಂತಾನೂ ಅಲ್ಲಿ ಬರೆದಿದ್ದಾರೆ. ಬಸ್ 14,000, ಪುಸ್ತಕ-ಯೂನಿಫಾರ್ಮ್ 9,000. ಇವು ಪಾಠದ ಶುಲ್ಕ ಅಲ್ಲ, ಬಿಡ್ರಿ. ಲೇಟ್ ಫೀ 500, ಅದು ದಂಡ, ಅದನ್ನೂ ಬಿಡ್ರಿ.

ಉಳಿದದ್ದು ಟರ್ಮ್ ಫೀ 3,000, ಲ್ಯಾಬ್-ಕಂಪ್ಯೂಟರ್ ಫೀ 2,500. ನಿಜವಾದ ಜಗಳ ಇರೋದು ಇಲ್ಲೇ. ಸಂಬಳದ ಟಿಡಿಎಸ್ ಬಗ್ಗೆ ಇಲಾಖೆ ಹೊರಡಿಸೋ ಸುತ್ತೋಲೆ ಓದಿದ್ರೆ, ಡೆವಲಪ್‌ಮೆಂಟ್ ಫೀ, ಡೊನೇಷನ್, ಕ್ಯಾಪಿಟೇಷನ್ ಫೀ ಥರದ್ದು ಬಿಟ್ಟು ಸಂಸ್ಥೆಗೆ ಕಟ್ಟಿದ ಶುಲ್ಕ ಒಳಗೆ ಬರುತ್ತೆ ಅನ್ನೋ ಹಾಗಿದೆ. ಅದನ್ನ ಹಿಡ್ಕೊಂಡು ಲ್ಯಾಬ್ ಫೀ ಕೇಳಬಹುದು ಅನ್ನೋರು ಇದ್ದಾರೆ. ಆದ್ರೆ ಕಾನೂನಿನ ಮೂಲ ಪದ 'ಟ್ಯೂಷನ್ ಫೀ' ಅಂತಾನೇ ಇರೋದ್ರಿಂದ ಎಷ್ಟೋ ಕಂಪನಿಗಳ ಪೇರೋಲ್‌ನವರು ಆ ಒಂದು ಸಾಲು ಬಿಟ್ಟು ಬೇರೇನೂ ಒಪ್ಪಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಲ್ಯಾಬ್ ಪಾಠದ ಭಾಗ, ಅದಕ್ಕೆ ವಾದ ಇದೆ. ಟರ್ಮ್ ಫೀ ಯಾವುದಕ್ಕೆ ಅಂತ ಶಾಲೆ ಬರೆದು ಕೊಟ್ರೆ ಮಾತ್ರ ಮುಟ್ಟಬೇಕು.

ಈಗ ಚಿಕ್ಕವನ ರಸೀದಿ. ಒಂದೇ ಸಾಲು: 'ಸ್ಕೂಲ್ ಫೀ, 30,000'. ಅಷ್ಟೇ! ಇದರಲ್ಲಿ ಪಾಠಕ್ಕೆ ಎಷ್ಟು, ವ್ಯಾನ್‌ಗೆ ಎಷ್ಟು ಅಂತ ಯಾರಿಗೂ ಗೊತ್ತಾಗಲ್ಲ. ಇಲ್ಲಿ ನಾವೇ ಅಂದಾಜು ಮಾಡಿ ಭಾಗ ಹಾಕೋ ಹಾಗಿಲ್ಲ. ಶಾಲೆ ಆಫೀಸಿಗೆ ಹೋಗಿ, "ಸರ್, ಇನ್‌ಕಮ್ ಟ್ಯಾಕ್ಸ್‌ಗೆ ಫೀ ಬ್ರೇಕಪ್ ಸರ್ಟಿಫಿಕೇಟ್ ಬೇಕಾಗಿತ್ತು ರೀ" ಅಂತ ಕೇಳ್ಬೇಕು. ಲೆಟರ್‌ಹೆಡ್ ಮೇಲೆ ಮಗುವಿನ ಹೆಸರು, ತರಗತಿ, ರಸೀದಿ ನಂಬರ್, ಕಟ್ಟಿದ ತಾರೀಖು, ಟ್ಯೂಷನ್ ಫೀ ಎಷ್ಟು, ಉಳಿದದ್ದು ಎಷ್ಟು ಅಂತ ಇರ್ಲಿ, ಸೀಲ್ ಮತ್ತು ಸಹಿ ಇರ್ಲಿ. ನಮ್ಮ ಉದಾಹರಣೆಯಲ್ಲಿ ಟ್ಯೂಷನ್ 18,000 ಅಂತ ಬರೆದು ಕೊಟ್ರು ಅಂದ್ಕೊಳ್ಳಿ.

ಅಂದ್ರೆ ಇಬ್ಬರದೂ ಸೇರಿ ಕಟ್ಟಿದ್ದು 98,000, ಗಟ್ಟಿಯಾಗಿ ಟ್ಯೂಷನ್ ಅನ್ನಬಹುದಾದದ್ದು 50,000.

ಈಗ ಎಷ್ಟೋ ಜನ ಮರೆಯೋ ಲೆಕ್ಕ. 80ಸಿ ಮಿತಿ ವರ್ಷಕ್ಕೆ ಒಟ್ಟು 1.5 ಲಕ್ಷ. ಇವರ ಸಂಬಳದಿಂದ ಪಿಎಫ್‌ಗೆ 72,000 ಆಗಲೇ ಹೋಗಿದೆ, ಎಲ್‌ಐಸಿ 18,000. ಅಲ್ಲಿಗೆ 90,000 ಆಯ್ತು, ಉಳಿದ ಜಾಗ 60,000. ಅದರಲ್ಲಿ ಟ್ಯೂಷನ್‌ನ 50,000 ಆರಾಮಾಗಿ ಕೂರುತ್ತೆ. 98,000 ಪೂರ್ತಿ ಬರೆದ್ರೂ ಒಳಗೆ ಹೋಗೋದು 60,000 ಮಾತ್ರ. ಹೆಚ್ಚಿಗೆ ಸಿಕ್ಕಿದ್ದು 10,000ದ ಕಡಿತ, ಸೆಸ್ ಸೇರಿ ಉಳಿಯೋ ಟ್ಯಾಕ್ಸ್ 2,080 ರೂಪಾಯಿ. ನೋಟಿಸ್ ಬಂದು, ಅದು ತಪ್ಪು ಮಾಹಿತಿ ಅಂತ ತೀರ್ಮಾನ ಆದ್ರೆ ಆ ಟ್ಯಾಕ್ಸ್, ಅದರ ಬಡ್ಡಿ, ಮೇಲೆ ಟ್ಯಾಕ್ಸ್‌ನ 200% ವರೆಗೆ ದಂಡ. ಬಸ್ ಫೀಯನ್ನ ಟ್ಯೂಷನ್ ಅಂತ ಬರೆಯೋಕೆ ಇಷ್ಟು ರಿಸ್ಕ್ ಬೇಕಾ? ಅದೇ ಪಿಎಫ್, ಎಲ್‌ಐಸಿ ಎರಡರಲ್ಲೇ ನಿಮ್ಮ 1.5 ಲಕ್ಷ ತುಂಬಿದ್ರೆ ಲ್ಯಾಬ್ ಫೀ ಚರ್ಚೆಯೇ ದಂಡ, ರಸೀದಿ ಕಪಾಟಿನಲ್ಲೇ ಇರ್ಲಿ. ಅಂಥ ಮನೆಯಲ್ಲಿ ಹೆಂಡತಿಯೂ ಹಳೇ ಪದ್ಧತಿಯಲ್ಲಿ ಟ್ಯಾಕ್ಸ್ ಕಟ್ಟೋರಾಗಿದ್ರೆ, ಒಂದು ಮಗುವಿನ ಫೀ ಅವರ ಅಕೌಂಟಿನಿಂದ ಕಟ್ಟಿ ಅವರ 80ಸಿಯಲ್ಲಿ ತೋರಿಸಬಹುದು. ಯಾರು ಕಟ್ಟಿದ್ರೋ ಅವರಿಗೇ ಕಡಿತ. ಒಂದೇ ದುಡ್ಡನ್ನ ಇಬ್ಬರೂ ತೋರಿಸೋ ಹಾಗಿಲ್ಲ.

ಕೊನೆಗೆ ತಾರೀಖು. ಲೆಕ್ಕಕ್ಕೆ ಬರೋದು ದುಡ್ಡು ಕಟ್ಟಿದ ದಿನ, ಶಾಲೆಯ ವರ್ಷ ಅಲ್ಲ. ಜೂನ್‌ನಲ್ಲಿ ಶುರುವಾಗೋ ಕ್ಲಾಸಿಗೆ 2026ರ ಮಾರ್ಚ್ 28ಕ್ಕೇ ಅಡ್ಮಿಷನ್ ಮಾಡಿಸಿ ಕಟ್ಟಿದ್ರೆ ಆ ಟ್ಯೂಷನ್ ಫೀ 2025-26ರ ಲೆಕ್ಕಕ್ಕೇ ಹೋಗುತ್ತೆ. ಏಪ್ರಿಲ್ 2ಕ್ಕೆ ಕಟ್ಟಿದ್ರೆ ಮುಂದಿನ ವರ್ಷಕ್ಕೆ. ವಾಟ್ಸಾಪ್‌ನಲ್ಲಿ ಶಾಲೆ ಕಳಿಸೋ 'ಫೀ ಬಾಕಿ ಇದೆ' ಅನ್ನೋ ಚೀಟಿ ರಸೀದಿ ಅಲ್ಲ, ಅದನ್ನ ಎಚ್‌ಆರ್‌ಗೆ ಅಪ್‌ಲೋಡ್ ಮಾಡ್ಬೇಡ್ರಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರೋದ್ರಿಂದ, ಅಲ್ಲಿಂದಾಚೆಯ ಪಾವತಿಗೆ 80ಸಿ ಬದಲು ಸೆಕ್ಷನ್ 123 ಅಂತ ಕಾಣ್ಸುತ್ತೆ. ಫಾರಂನಲ್ಲಿ ಆ ನಂಬರ್ ನೋಡಿ ಗಾಬರಿ ಆಗ್ಬೇಡ್ರಿ.

ನಿಮ್ಮ ರಸೀದಿಯಲ್ಲಿ ಅರ್ಥ ಆಗದ ಸಾಲು ಇದ್ರೆ ಮಗುವಿನ ಮತ್ತು ಶಾಲೆಯ ಹೆಸರು ಮುಚ್ಚಿ ಫೋಟೋ ಕಳಿಸ್ರಿ, ಮುಂದಿನ ವಾರ ಓದೋಣ.